ಮಲಗಿದ ಮಳೆಮಾಪಕವನ್ನು ಎಬ್ಬಿಸುವುದು ಹೇಗೆ?

ಟಿಪ್ಪಿಂಗ್ ಬಕೆಟ್ ಮಾದರಿಯ ಮಳೆಮಾಪಕದೊಳಗೆ ತಕ್ಕಡಿಯಂತೆ ಅತ್ತಿತ್ತ ವಾಲುವ ಜೋಡಿ ಬಟ್ಟಲು ಇರುತ್ತದೆ. ಸಾಮಾನ್ಯವಾಗಿ 0.2 ಮಿಲಿಮೀಟರ್ ಮಳೆಯಷ್ಟು ನೀರು ತುಂಬಿದೊಡನೆ ಒಂದು ಬಟ್ಟಲು ವಾಲಿ ಬರಿದಾಗುತ್ತದೆ, ಇನ್ನೊಂದು ಮೇಲೆ ಬಂದು ತುಂಬತೊಡಗುತ್ತದೆ. ವಾಲುವ ಆ ಕ್ಷಣದಲ್ಲಿ ಪುಟ್ಟ ಅಯಸ್ಕಾಂತವೊಂದು ರೀಡ್ ಸ್ವಿಚ್‌ನ ಎದುರು ಹಾದುಹೋಗುತ್ತದೆ, ಸ್ವಿಚ್ ಅರೆಗಳಿಗೆ ಮುಚ್ಚಿ ತೆರೆಯುತ್ತದೆ. ಮಳೆಯ ಬಗ್ಗೆ ಉಪಕರಣಕ್ಕೆ ಸಿಗುವ ಸುಳಿವು ಇಷ್ಟೇ. ಇದು ವಾರಗಟ್ಟಲೆ ಬಾರದೆ ಇರಬಹುದು, ಬಂದರೆ ನಿಮಿಷಕ್ಕೆ ಹತ್ತು ಸಲ ಬರಬಹುದು. ಒಂದನ್ನೂ ಕಳೆದುಕೊಳ್ಳಬಾರದು. ಆದರೆ ಕಾದು ಕೂತು ಬ್ಯಾಟರಿ ಮುಗಿಸಲೂಬಾರದು.

ಇಂಥ ಮಾಪಕಕ್ಕೆ ಇಎಸ್‌ಪಿ32 ಎಂಬ ವೈಫೈ ಇರುವ ಮೈಕ್ರೊಕಂಟ್ರೋಲರನ್ನು ಜೋಡಿಸಿ, ಲಿಥಿಯಂ ಅಯಾನ್ ಸೆಲ್ ಒಂದರಿಂದ ನಡೆಸುತ್ತೇವೆಂದು ಇಟ್ಟುಕೊಳ್ಳೋಣ. ಸೆಲ್‌ನಿಂದ ನಿಜವಾಗಿ ಬಳಸಲು ಸಿಗುವುದು 2000 ಮಿಲಿಆಂಪಿಯರ್-ಗಂಟೆ ಎನ್ನೋಣ. ಉಪಕರಣ ಗಂಟೆಗೊಮ್ಮೆ ಲೆಕ್ಕ ಕಳುಹಿಸಬೇಕು, ಬಟ್ಟಲು ವಾಲಿದಾಗಲೆಲ್ಲ ಎಣಿಸಬೇಕು. ಹಾಗಾಗಿ ಇದನ್ನು ನಿದ್ರೆಯಿಂದ ಎಬ್ಬಿಸುವವರು ಇಬ್ಬರು: ಗಡಿಯಾರ ಮತ್ತು ಸ್ವಿಚ್. ಒಬ್ಬರೇ ಆಗಿದ್ದರೆ ಕೆಲಸ ಸುಲಭ. ಇಬ್ಬರಾದಾಗ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಅಡ್ಡ ಬರುತ್ತಾರೆ, ಅದನ್ನು ಮುಂದೆ ನೋಡೋಣ.

ಮೊದಲು ನಿದ್ರೆಯ ವಿಷಯ. ಈ ಚಿಪ್‌ಗೆ ಲೈಟ್ ಸ್ಲೀಪ್, ಡೀಪ್ ಸ್ಲೀಪ್ ಎಂದು ಎರಡು ಮುಖ್ಯ ನಿದ್ರೆಗಳಿವೆ. ಲೈಟ್ ಸ್ಲೀಪ್‌ನಲ್ಲಿ ಪ್ರೊಸೆಸರ್ ನಿಂತಿರುತ್ತದೆ, ಆದರೆ ಮೆಮೊರಿಯಲ್ಲಿದ್ದುದೆಲ್ಲ ಹಾಗೇ ಉಳಿಯುತ್ತದೆ. ಎದ್ದಾಗ ಪ್ರೋಗ್ರಾಂ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಇದಕ್ಕೆ ತಗಲುವ ಕರೆಂಟ್ ಸುಮಾರು 0.8 ಮಿಲಿಆಂಪಿಯರ್. ಡೀಪ್ ಸ್ಲೀಪ್‌ನಲ್ಲಿ ಪ್ರೊಸೆಸರ್‌ಗೂ ಮುಖ್ಯ ಮೆಮೊರಿಗೂ ಕರೆಂಟ್ ಕಡಿದುಹೋಗುತ್ತದೆ. ಆರ್‌ಟಿಸಿ ಎಂಬ ಸಣ್ಣ ವಿಭಾಗವೊಂದೇ ಬದುಕಿರುತ್ತದೆ: ಅದರಲ್ಲಿ ಒಂದು ಗಡಿಯಾರ, ಸ್ವಲ್ಪ ಮೆಮೊರಿ, ಕೆಲವು ಪಿನ್‌ಗಳ ಮೇಲೆ ಕಣ್ಣಿಡುವ ಸರ್ಕ್ಯೂಟ್. ಆಗಿನ ಕರೆಂಟ್ 10 ಮೈಕ್ರೊಆಂಪಿಯರ್ ಆಸುಪಾಸು, ಎಂದರೆ ಲೈಟ್ ಸ್ಲೀಪ್‌ನ ಎಂಬತ್ತರಲ್ಲಿ ಒಂದು ಪಾಲು. ಇದಕ್ಕೆ ತೆರಬೇಕಾದ ಬೆಲೆ ಎಂದರೆ, ಎದ್ದಾಗ ಪ್ರೋಗ್ರಾಂ ಹೊಸದಾಗಿ ಮೊದಲಿನಿಂದ ಶುರುವಾಗುತ್ತದೆ. ನೆನಪಿರಬೇಕಾದ್ದನ್ನೆಲ್ಲ ಆರ್‌ಟಿಸಿ ಮೆಮೊರಿಯಲ್ಲೇ ಬರೆದಿಟ್ಟು ಮಲಗಬೇಕು.

ಈಗ ದಿನದ ಖರ್ಚು ಕೂಡೋಣ. ಡೀಪ್ ಸ್ಲೀಪ್‌ನಲ್ಲಿ ದಿನವಿಡೀ ಮಲಗಿದರೆ 0.24 ಮಿಲಿಆಂಪಿಯರ್-ಗಂಟೆ. ಎದ್ದು ವೈಫೈ ಸೇರಿ ಲೆಕ್ಕ ಕಳುಹಿಸಲು 3 ಸೆಕೆಂಡು, ಸರಾಸರಿ 100 ಮಿಲಿಆಂಪಿಯರ್ ಎಂದುಕೊಂಡರೆ ಒಂದು ಸಲಕ್ಕೆ 0.083. ಗಂಟೆಗೊಮ್ಮೆಯಂತೆ ದಿನಕ್ಕೆ 24 ಸಲ, ಒಟ್ಟು 2. ಬಟ್ಟಲು ವಾಲಿದಾಗ ರೇಡಿಯೊ ಮುಟ್ಟದೆ, ಎದ್ದು ಒಂದು ಸಂಖ್ಯೆ ಹೆಚ್ಚಿಸಿ ಮತ್ತೆ ಮಲಗುವುದಕ್ಕೆ ಕಾಲು ಸೆಕೆಂಡು, 40 ಮಿಲಿಆಂಪಿಯರ್ ಹಿಡಿಯೋಣ. ಒಂದೇ ದಿನ 100 ಮಿಲಿಮೀಟರ್ ಸುರಿದು 500 ಸಲ ವಾಲಿದರೂ ಅದರ ಖರ್ಚು 1.4ರಷ್ಟೇ. ಮಳೆಯಿಲ್ಲದ ದಿನ ಒಟ್ಟು 2.24 ಆಯಿತು. ಲೆಕ್ಕದ ಪ್ರಕಾರ ಸೆಲ್ ಸುಮಾರು 890 ದಿನ ಬರಬೇಕು. ಸೆಲ್ ತಾನಾಗಿಯೇ ಸೋರಿಕೊಳ್ಳುವುದರಿಂದ ನಿಜದಲ್ಲಿ ಇದಕ್ಕಿಂತ ಕಡಿಮೆ.

ಈ ಲೆಕ್ಕದಲ್ಲಿ ಗಮನಿಸಬೇಕಾದ್ದು, ನಿದ್ರೆಯ ಖರ್ಚು ಕಳುಹಿಸುವ ಖರ್ಚಿನ ಎಂಟನೇ ಒಂದು ಪಾಲು ಮಾತ್ರ. ಗಂಟೆಗೊಮ್ಮೆಯ ಬದಲು ಹತ್ತು ನಿಮಿಷಕ್ಕೊಮ್ಮೆ ಕಳುಹಿಸಿದರೆ ಇದೇ ಸೆಲ್ 163 ದಿನಕ್ಕೆ ಮುಗಿಯುತ್ತದೆ. ನಿದ್ರೆಯ 10 ಮೈಕ್ರೊಆಂಪಿಯರನ್ನು 5ಕ್ಕೆ ಇಳಿಸಲು ತಿಂಗಳುಗಟ್ಟಲೆ ಹೆಣಗುವವರು ಮೊದಲು ಈ ಪ್ರಶ್ನೆ ಕೇಳಿಕೊಳ್ಳಬೇಕು: ಇಷ್ಟು ಸಲ ಮಾತಾಡುವ ಅಗತ್ಯ ನಿಜಕ್ಕೂ ಇದೆಯೇ?

ಇನ್ನೊಂದು ತೂತು ಚಿಪ್‌ನ ಹೊರಗಿದೆ. 10 ಮೈಕ್ರೊಆಂಪಿಯರ್ ಎಂಬುದು ಬರೀ ಚಿಪ್‌ನ ಮಾತು, ಅದು ಕೂತಿರುವ ಬೋರ್ಡಿನದ್ದಲ್ಲ. ಕಲಿಕೆಗೆಂದು ಮಾರುವ ಅನೇಕ ಬೋರ್ಡುಗಳಲ್ಲಿ ಎಎಂಎಸ್1117 ಜಾತಿಯ ವೋಲ್ಟೇಜ್ ರೆಗ್ಯುಲೇಟರ್ ಇರುತ್ತದೆ. ಚಿಪ್ ಮಲಗಿರಲಿ, ಎದ್ದಿರಲಿ, ಅದು ತನ್ನ ಹೊಟ್ಟೆಗೇ ಸುಮಾರು 5 ಮಿಲಿಆಂಪಿಯರ್ ತಿನ್ನುತ್ತದೆ. ದಿನಕ್ಕೆ 120 ಮಿಲಿಆಂಪಿಯರ್-ಗಂಟೆ! 890 ದಿನದ ಸೆಲ್ 16 ದಿನಕ್ಕೆ ಬರಿದು. ಸದಾ ಉರಿಯುವ ಎಲ್‌ಇಡಿ, ಯುಎಸ್‌ಬಿ ಚಿಪ್ ಇವುಗಳ ಪಾಲು ಬೇರೆ. ಪ್ರೋಗ್ರಾಂನಲ್ಲಿ ಎಷ್ಟೇ ಜಾಣತನ ತೋರಿದರೂ ಇದು ನಿಲ್ಲುವುದಿಲ್ಲ. ಕೆಲವೇ ಮೈಕ್ರೊಆಂಪಿಯರ್ ತಿನ್ನುವ ರೆಗ್ಯುಲೇಟರ್ ಇರುವ ಬೋರ್ಡನ್ನೇ ಆರಿಸಬೇಕು, ಆದರೆ ವೈಫೈ ಕೇಳುವ ನೂರಾರು ಮಿಲಿಆಂಪಿಯರ್‌ಗಳ ಏಟನ್ನೂ ಅದು ತಾಳಬೇಕು.

ಇನ್ನು ಸ್ವಿಚ್. ಡೀಪ್ ಸ್ಲೀಪ್‌ನಲ್ಲಿರುವ ಚಿಪ್ಪನ್ನು ಎಬ್ಬಿಸಲು `ext0` ಎಂಬ ದಾರಿ ಇದೆ, ಆದರೆ ಅದು ಆರ್‌ಟಿಸಿ ವಿಭಾಗಕ್ಕೆ ಸೇರಿದ ಪಿನ್‌ಗಳಿಗಷ್ಟೇ ಸಿಗುತ್ತದೆ. 27ನೇ ಪಿನ್ ಅಂಥದ್ದು. ಪಿನ್ ಅನ್ನು ರೆಸಿಸ್ಟರ್ ಒಂದರ ಮೂಲಕ 3.3 ವೋಲ್ಟ್‌ಗೆ ಎಳೆದು ಕಟ್ಟುತ್ತೇವೆ. ಸ್ವಿಚ್ ಮುಚ್ಚಿದಾಗ ಪಿನ್ ಸೊನ್ನೆಗೆ ಇಳಿಯುತ್ತದೆ, ಚಿಪ್ ಏಳುತ್ತದೆ. ಇಲ್ಲಿರುವ ಸೂಕ್ಷ್ಮ ಎಂದರೆ, `ext0` ನೋಡುವುದು ಪಿನ್ ಇಳಿದ ಕ್ಷಣವನ್ನಲ್ಲ, ಪಿನ್ ಕೆಳಗಿರುವ ಸ್ಥಿತಿಯನ್ನು. ಬಟ್ಟಲು ಕಸ ಸಿಕ್ಕಿ ನಡುವಿನಲ್ಲೇ ನಿಂತು ಅಯಸ್ಕಾಂತ ಸ್ವಿಚ್‌ನ ಎದುರೇ ಉಳಿದರೆ, ಚಿಪ್ ಮಲಗಿದ ಕೂಡಲೇ ಎದ್ದೇಳುತ್ತದೆ, ಎಣಿಸುತ್ತದೆ, ಮಲಗುತ್ತದೆ, ಮತ್ತೆ ಏಳುತ್ತದೆ. ಹೊರಗಿನಿಂದ ನೋಡಿದವರಿಗೆ ಭೀಕರ ಮಳೆ ಸುರಿದಂತೆ ಕಾಣುತ್ತದೆ. ಬಿಡುವಿಲ್ಲದ 40 ಮಿಲಿಆಂಪಿಯರ್‌ಗೆ 2000 ಎರಡೇ ದಿನದಲ್ಲಿ ಕರಗುತ್ತದೆ.

ಇದಕ್ಕೆ ಮದ್ದು ಸರಳ: ಮಲಗುವ ಮುನ್ನ ಪಿನ್ ನೋಡಿ, ಅದು ಈಗಿರುವ ಸ್ಥಿತಿಗೆ ವಿರುದ್ಧವಾದ ಸ್ಥಿತಿ ಬಂದಾಗ ಎಬ್ಬಿಸು ಎಂದು ಹೇಳಬೇಕು. ಸ್ವಿಚ್ ಮುಚ್ಚಿದ್ದರೆ ಅದು ತೆರೆಯುವವರೆಗೆ ಮಲಗುವುದು, ತೆರೆದಾಗ ಎದ್ದು ಏನನ್ನೂ ಎಣಿಸದೆ ಮತ್ತೆ ಮುಚ್ಚುವುದಕ್ಕಾಗಿ ಕಾಯುವುದು.

ರೆಸಿಸ್ಟರ್‌ನ ಆಯ್ಕೆಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಚಿಪ್‌ನೊಳಗೇ ಇರುವ ರೆಸಿಸ್ಟರ್ ಸುಮಾರು 45 ಕಿಲೋಓಮ್. ಸ್ವಿಚ್ ಮುಚ್ಚಿಯೇ ಉಳಿದರೆ ಅದರ ಮೂಲಕ 73 ಮೈಕ್ರೊಆಂಪಿಯರ್ ಹರಿಯುತ್ತದೆ, ನಿದ್ರೆಯ ಖರ್ಚಿನ ಏಳು ಪಟ್ಟು. ಹೊರಗೆ 1 ಮೆಗಾಓಮ್ ಹಾಕಿದರೆ 3.3 ಮೈಕ್ರೊಆಂಪಿಯರ್ ಸಾಕು. ಆದರೆ ಅಷ್ಟು ದೊಡ್ಡ ರೆಸಿಸ್ಟರ್ ಇದ್ದಾಗ ಉದ್ದದ ತಂತಿ ಸುತ್ತಲಿನ ಗದ್ದಲವನ್ನೆಲ್ಲ ಹಿಡಿದು ಸುಳ್ಳು ಎಚ್ಚರ ತರುತ್ತದೆ. ಪಿನ್‌ನಿಂದ ನೆಲಕ್ಕೆ 100 ನ್ಯಾನೊಫ್ಯಾರಡ್ ಕೆಪಾಸಿಟರ್ ಸೇರಿಸಿದರೆ ಪಿನ್ ಮೇಲೇರಲು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಹಿಡಿಯುತ್ತದೆ. ಆಗ ಗದ್ದಲವೂ ಅಡಗುತ್ತದೆ, ಸ್ವಿಚ್‌ನ ಲೋಹದ ಎಸಳು ಮುಚ್ಚುವಾಗ ಕುಪ್ಪಳಿಸುವುದೂ ಚಿಪ್‌ಗೆ ಕಾಣುವುದಿಲ್ಲ.

ಈಗ ಇಬ್ಬರ ತಿಕ್ಕಾಟ. ನನ್ನ ಮಟ್ಟಿಗೆ ಈ ಉಪಕರಣದ ಅತ್ಯಂತ ಕುತೂಹಲದ ತಪ್ಪು ಇದೇ. ಮಲಗುವ ಮುನ್ನ ಟೈಮರ್‌ಗೆ "ಒಂದು ಗಂಟೆಯ ನಂತರ ಎಬ್ಬಿಸು" ಎಂದು ಬರೆಯುವುದು ಯಾರಿಗಾದರೂ ಸಹಜವಾಗಿ ತೋಚುವ ದಾರಿ. ಒಣ ದಿನಗಳಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಮಳೆ ಬಂತು: ನಲವತ್ತನೇ ನಿಮಿಷಕ್ಕೆ ಬಟ್ಟಲು ವಾಲಿತು, ಚಿಪ್ ಎದ್ದು ಎಣಿಸಿತು, ಮತ್ತೆ ಮಲಗುವಾಗ ಹೊಸದಾಗಿ ಒಂದು ಗಂಟೆ ಹೇಳಿತು. ಉಳಿದಿದ್ದ ಇಪ್ಪತ್ತು ನಿಮಿಷ ಅಳಿಸಿಹೋಯಿತು. ಪ್ರತಿ ಗಂಟೆಗೆ ಒಂದು ಸಲವಾದರೂ ಬಟ್ಟಲು ವಾಲುವಷ್ಟು ಮಳೆ ಹಿಡಿದರೆ, ಮಳೆ ನಿಲ್ಲುವವರೆಗೂ ಈ ಮಾಪಕ ಒಂದು ಸಂದೇಶವನ್ನೂ ಕಳುಹಿಸುವುದಿಲ್ಲ. ಮಳೆಯ ಸುದ್ದಿ ಬೇಕಾದ ಹೊತ್ತಿನಲ್ಲೇ ಮೌನ. ಮೇಜಿನ ಮೇಲೆ ಪರೀಕ್ಷಿಸುವವರಿಗೆ ಇದು ಕಾಣುವುದೂ ಕಷ್ಟ, ಏಕೆಂದರೆ ಅಲ್ಲಿ ನಾಲ್ಕು ಸಲ ಬಟ್ಟಲು ವಾಲಿಸಿ ನೋಡಿ ಬಿಟ್ಟುಬಿಡುತ್ತಾರೆ.

"ಎಷ್ಟು ಹೊತ್ತು" ಎಂದು ಹೇಳದೆ "ಎಷ್ಟು ಗಂಟೆಗೆ" ಎಂದು ಯೋಚಿಸಿದರೆ ಇದು ಬಗೆಹರಿಯುತ್ತದೆ. ಈ ಚಿಪ್‌ನ ಗಡಿಯಾರ ಡೀಪ್ ಸ್ಲೀಪ್‌ನಲ್ಲೂ ನಡೆಯುತ್ತಿರುತ್ತದೆ. ಮುಂದಿನ ಸಂದೇಶದ ಹೊತ್ತನ್ನು ಆರ್‌ಟಿಸಿ ಮೆಮೊರಿಯಲ್ಲಿ ಬರೆದಿಟ್ಟು, ಪ್ರತಿ ಸಲ ಮಲಗುವಾಗ ಉಳಿದ ಸಮಯವನ್ನಷ್ಟೇ ಕೊಡಬೇಕು.

```c
RTC_DATA_ATTR uint32_t tips = 0;
RTC_DATA_ATTR time_t next_send = 0;

void go_to_sleep(void) {
  time_t now = time(NULL);
  time_t left = (next_send > now) ? next_send - now : 1;
  rtc_gpio_deinit(GPIO_NUM_27);
  gpio_set_direction(GPIO_NUM_27, GPIO_MODE_INPUT);
  int level = gpio_get_level(GPIO_NUM_27) ? 0 : 1;
  esp_sleep_enable_timer_wakeup((uint64_t)left * 1000000ULL);
  esp_sleep_enable_ext0_wakeup(GPIO_NUM_27, level);
  esp_deep_sleep_start();
}
```

ಎದ್ದ ಮೇಲೆ ಎಬ್ಬಿಸಿದ್ದು ಯಾರೆಂದು `esp_sleep_get_wakeup_cause()` ಹೇಳುತ್ತದೆ. ಸಂದೇಶ ಕಳುಹಿಸುವ 3 ಸೆಕೆಂಡು ಚಿಪ್ ಎಚ್ಚರವಾಗಿರುತ್ತದೆ, ಆಗ `ext0`ಗೆ ಕೆಲಸವಿಲ್ಲ. ಆ ಹೊತ್ತಿನಲ್ಲಿ ಬಟ್ಟಲು ವಾಲಿದರೆ ಹಿಡಿಯಲು ಪಿನ್ ಮೇಲೆ ಸಾಮಾನ್ಯ ಇಂಟರಪ್ಟ್ ಒಂದನ್ನು ಇಟ್ಟಿರಬೇಕು. ಇನ್ನು ಗಡಿಯಾರದ ನಿಖರತೆ: ಚಿಪ್‌ನೊಳಗಿನ ಸುಮಾರು 150 ಕಿಲೋಹರ್ಟ್ಜ್‌ನ ಆಂದೋಲಕ ತಾಪಮಾನ ಬದಲಾದಂತೆ ಹಿಂದೆ ಮುಂದೆ ಓಡುತ್ತದೆ. ಹೊರಗೆ 32 ಕಿಲೋಹರ್ಟ್ಜ್ ಕ್ರಿಸ್ಟಲ್ ಜೋಡಿಸಿದರೆ ಸ್ಥಿರವಾಗುತ್ತದೆ, ಖರ್ಚು ಹೆಚ್ಚುವುದು ಮೈಕ್ರೊಆಂಪಿಯರ್ ಒಂದರಷ್ಟು. ಗಂಟೆಗೊಮ್ಮೆ ವೈಫೈ ಸೇರುವ ಉಪಕರಣಕ್ಕೆ ಆಗಾಗ ನೆಟ್‌ವರ್ಕ್‌ನಿಂದ ಸಮಯ ಸರಿಪಡಿಸಿಕೊಂಡರೂ ಸಾಕು, ಆದರೆ ಸರಿಪಡಿಸಿದ ನಂತರವೇ `next_send` ಬರೆಯಬೇಕು.

ವೈಫೈ ಸಿಗದಿದ್ದರೆ? "ಸಿಗುವವರೆಗೂ ಪ್ರಯತ್ನಿಸು" ಎಂದು ಬರೆದಿದ್ದರೆ, ರೂಟರ್ ಹತ್ತು ಗಂಟೆ ಆರಿಹೋದ ಒಂದು ರಾತ್ರಿಯಲ್ಲೇ ಅರ್ಧ ಸೆಲ್ ಹೋಗುತ್ತದೆ. ಹತ್ತು ಸೆಕೆಂಡಿಗೆ ಕೈಬಿಟ್ಟು, ಎಣಿಕೆ ಉಳಿಸಿಕೊಂಡು, ಮುಂದಿನ ಗಂಟೆಗೆ ಮಲಗಬೇಕು.

ಇದೆಲ್ಲ ಸರಿಯಾಗಿದೆಯೇ ಎಂದು ಮಲ್ಟಿಮೀಟರ್‌ನಿಂದ ಅಳೆಯಲು ಹೊರಟರೆ ಒಂದು ವಿಚಿತ್ರ ಎದುರಾಗುತ್ತದೆ. ಮೈಕ್ರೊಆಂಪಿಯರ್ ಅಳತೆಗೆ ಇಟ್ಟಾಗ ಮೀಟರ್‌ನೊಳಗೆ ದೊಡ್ಡ ರೆಸಿಸ್ಟರ್ ಅಡ್ಡ ಬಂದಿರುತ್ತದೆ. ಮಲಗಿದ ಉಪಕರಣಕ್ಕೆ ತೊಂದರೆಯಿಲ್ಲ, ಆದರೆ ಅದು ಎದ್ದು ನೂರು ಮಿಲಿಆಂಪಿಯರ್ ಎಳೆದೊಡನೆ ವೋಲ್ಟೇಜ್ ಕುಸಿದು ರೀಸೆಟ್ ಆಗುತ್ತದೆ, ಮಲಗುವ ಹಂತವನ್ನೇ ಮುಟ್ಟುವುದಿಲ್ಲ. ಮೀಟರ್‌ನ ಎರಡು ತುದಿಗೆ ಒಂದು ತುಂಡು ತಂತಿ ಅಡ್ಡ ಹಾಕಿ, ಉಪಕರಣ ಮಲಗಿದ ಮೇಲೆ ತಂತಿ ತೆಗೆದು ಓದಬೇಕು, ಅದು ಏಳುವ ಮುನ್ನ ತಂತಿಯನ್ನು ಮರಳಿ ಹಾಕಬೇಕು.

ಹೊರಗೆ ಹಾಕಿದ ಮೇಲೆ ಮೀಟರ್ ಜೊತೆಗಿರುವುದಿಲ್ಲ. ಅದಕ್ಕೇ ಪ್ರತಿ ಸಂದೇಶದಲ್ಲಿ ಬಟ್ಟಲಿನ ಎಣಿಕೆಯ ಜೊತೆ ಮೂರು ಸಂಖ್ಯೆಗಳನ್ನು ಕಳುಹಿಸುವುದು ಒಳ್ಳೆಯದು: ಸೆಲ್‌ನ ವೋಲ್ಟೇಜ್, ಟೈಮರ್ ಎಬ್ಬಿಸಿದ್ದೆಷ್ಟು ಸಲ, ಸ್ವಿಚ್ ಎಬ್ಬಿಸಿದ್ದೆಷ್ಟು ಸಲ. ಆಕಾಶ ತಿಳಿಯಾಗಿದ್ದಾಗಲೂ ಸ್ವಿಚ್‌ನ ಸಂಖ್ಯೆ ಏರುತ್ತಿದ್ದರೆ ತಂತಿ ಗದ್ದಲ ಹಿಡಿಯುತ್ತಿದೆ. ಎರಡೂ ಸಂಖ್ಯೆ ಸರಿಯಿದ್ದು ವೋಲ್ಟೇಜ್ ಮಾತ್ರ ವಾರದಿಂದ ವಾರಕ್ಕೆ ಬೇಗ ಇಳಿಯುತ್ತಿದ್ದರೆ ತಪ್ಪು ಪ್ರೋಗ್ರಾಂನಲ್ಲಿಲ್ಲ, ಬೋರ್ಡಿನ ಮೇಲೆ ಯಾವುದೋ ಭಾಗ ಮಲಗದೆ ತಿನ್ನುತ್ತಿದೆ.