ರಿಕನ್ಸಿಲಿಯೇಷನ್: ವ್ಯತ್ಯಾಸ ಸೊನ್ನೆ ಬಂದರೆ ಸಾಲದು

"ಏಪ್ರಿಲ್ ರಿಕನ್ಸಿಲಿಯೇಷನ್ ಮುಗೀತು" ಎಂದು ಬರುವ ಶೀಟ್ ತೆರೆದರೆ ಒಳಗೆ ಎರಡೇ ಸಾಲು. ಪರ್ಚೇಸ್ ರಿಜಿಸ್ಟರ್‌ನ ತೆರಿಗೆ 48,600. ರಿಟರ್ನ್‌ನಲ್ಲಿ ತೋರಿಸಿದ ತೆರಿಗೆ 48,600. ವ್ಯತ್ಯಾಸ ಸೊನ್ನೆ. ಸ್ವಾಮಿ, ಆ ರಿಟರ್ನ್ ಮಾಡಿದ್ದೇ ಆ ರಿಜಿಸ್ಟರ್ ನೋಡಿಕೊಂಡು ಅಲ್ವಾ? ಮೂಲವನ್ನು ಅದರ ನಕಲಿನ ಜೊತೆ ಇಟ್ಟು ನೋಡಿದರೆ ಸರಿ ಬಾರದೆ ಇನ್ನೇನು?

ರಿಕನ್ಸಿಲಿಯೇಷನ್ ಅಂದರೆ ಒಂದೊಂದೇ ಬಿಲ್ ತಾಳೆ ನೋಡುವುದು. ಬಿಲ್‌ನಿಂದಲೇ, ರಿಜಿಸ್ಟರ್‌ನಿಂದ ಅಲ್ಲ, ನಂಬರ್, ತಾರೀಖು, ತೆರಿಗೆ ಮೂರನ್ನೂ ತೆಗೆಯಬೇಕು. ಆಮೇಲೆ ರಿಟರ್ನ್‌ನ ಮೊತ್ತ ಯಾವ ಯಾವ ಬಿಲ್‌ಗಳಿಂದ ಆಗಿದೆಯೋ ಆ ಪಟ್ಟಿಯ ಜೊತೆ ಸಾಲಿಗೆ ಸಾಲು ಹೋಲಿಸಬೇಕು.

ಮೇಲಿನ 48,600ರ ಒಳಗೇ ಏನಿರಬಹುದು ನೋಡಿ. ಯಂತ್ರಗಳ ಮೇಂಟೆನೆನ್ಸ್ ಮಾಡುವವರು ಪ್ರತಿ ತಿಂಗಳೂ ಒಂದೇ ಮೊತ್ತದ ಬಿಲ್ ಕಳಿಸುತ್ತಾರೆ ಅಂತಿಟ್ಟುಕೊಳ್ಳಿ, ತೆರಿಗೆ 3,600. ಮಾರ್ಚ್ 28ರದ್ದು 0117, ಏಪ್ರಿಲ್ 28ರದ್ದು 0131. ಮಾರ್ಚ್ ರಿಟರ್ನ್‌ನಲ್ಲಿ 0117 ಹೋಗಿದೆ. ಏಪ್ರಿಲ್‌ನಲ್ಲಿ ಎಂಟ್ರಿ ಮಾಡುವವರು ಫೈಲ್‌ನಲ್ಲಿ ಮೊದಲು ಸಿಕ್ಕಿದ ಹಾಳೆ ನೋಡಿ 0117 ಅನ್ನೇ ಮತ್ತೆ ಹಾಕಿದ್ದಾರೆ. ಮೊತ್ತದಲ್ಲಿ ಕೂದಲಷ್ಟೂ ವ್ಯತ್ಯಾಸ ಕಾಣುವುದಿಲ್ಲ. ಆದರೆ ಒಂದು ಬಿಲ್‌ನ ಕ್ರೆಡಿಟ್ ಎರಡು ಸಲ ತೆಗೆದುಕೊಂಡಾಗಿದೆ, ಇನ್ನೊಂದರದ್ದು ತೆಗೆದುಕೊಂಡೇ ಇಲ್ಲ. ಮುಂದೆ ತಪಾಸಣೆಯಲ್ಲಿ ಮೊದಲನೆಯದನ್ನು ಬಡ್ಡಿ ಸಮೇತ ಕೇಳಬಹುದು. ಎರಡನೆಯದರ ಗಡುವು ಅಷ್ಟರಲ್ಲಿ ಮುಗಿದಿರಬಹುದು. ಒಂದೇ ತಿಂಗಳಿನ ಪಟ್ಟಿ ನೋಡಿದರೆ 0117 ಎರಡು ಸಲ ಹೋಗಿದೆ ಎಂದು ಗೊತ್ತಾಗುವುದೇ ಇಲ್ಲ, ಹಿಂದಿನ ತಿಂಗಳುಗಳ ಪಟ್ಟಿಯನ್ನೂ ಜೊತೆಗಿಟ್ಟು ಹುಡುಕಬೇಕು.

ಇಲ್ಲಿ ಜಾಸ್ತಿ ತಲೆ ತಿನ್ನುವುದು ಬಿಲ್ ನಂಬರ್. ಬರೀ ನಂಬರ್ ಇಟ್ಟುಕೊಂಡು ಹುಡುಕಬೇಡಿ. 117 ಎಂಬ ನಂಬರ್ ಯಾರ ಬಿಲ್‌ಬುಕ್‌ನಲ್ಲಿ ಬೇಕಾದರೂ ಇರುತ್ತದೆ, ಎಷ್ಟೋ ಜನ ವರ್ಷಕ್ಕೊಮ್ಮೆ ಮತ್ತೆ 1ರಿಂದ ಶುರು ಮಾಡುತ್ತಾರೆ. ಮಾರಿದವರ ತೆರಿಗೆ ನೋಂದಣಿ ಸಂಖ್ಯೆ, ಬಿಲ್ ನಂಬರ್, ವರ್ಷ, ಮೂರೂ ಸೇರಿದರೇನೇ ಒಂದು ಬಿಲ್‌ನ ಗುರುತು.

ಇನ್ನು ಎಕ್ಸೆಲ್‌ನ ಉಪಕಾರ ಬೇರೆ. 0117 ಅನ್ನು 117 ಮಾಡುತ್ತದೆ. 3-4 ಎಂಬ ಬಿಲ್ ನಂಬರನ್ನು ತಾರೀಖು ಮಾಡುತ್ತದೆ. ಬರೀ ಅಂಕಿಗಳಿರುವ ನಂಬರ್ 15 ಅಂಕಿ ದಾಟಿದರೆ ಉಳಿದವೆಲ್ಲ ಸೊನ್ನೆ, ಆ ಅಂಕಿಗಳು ಮತ್ತೆ ಸಿಗುವುದಿಲ್ಲ. ನಂಬರ್ ತುಂಬುವ ಮೊದಲೇ ಆ ಕಾಲಮ್ಮನ್ನು ಟೆಕ್ಸ್ಟ್ ಮಾಡಿಡಿ, ಆಮೇಲೆ ಮಾಡಿ ಉಪಯೋಗವಿಲ್ಲ. ಅಡ್ಡಗೆರೆ, ಸ್ಪೇಸ್ ತೆಗೆದು ಹೋಲಿಸುವುದು ಸರಿ:

```
=UPPER(SUBSTITUTE(SUBSTITUTE(SUBSTITUTE(B2,"/",""),"-","")," ",""))
```

ಆದರೆ ಕೆಲವರು ಉತ್ಸಾಹದಲ್ಲಿ ಅಕ್ಷರಗಳನ್ನೂ ಕಿತ್ತು ಬರೀ ಅಂಕಿ ಉಳಿಸುತ್ತಾರೆ. ಆಗ A117 ಮತ್ತು B117 ಒಂದೇ ಆಗಿಬಿಡುತ್ತವೆ. ಮೊದಲು ಇದ್ದದ್ದು ಇದ್ದಂತೆ ಹೋಲಿಸಿ, ಹೊಂದದೆ ಉಳಿದವನ್ನು ಮಾತ್ರ ಅಡ್ಡಗೆರೆ, ಸ್ಪೇಸ್ ತೆಗೆದು ಸಡಿಲ ಮಾಡಿ ನೋಡಿ. ಆಗ ಸಿಕ್ಕ ಜೋಡಿಗಳನ್ನು ಕಣ್ಣಲ್ಲಿ ನೋಡದೆ ಒಪ್ಪಬೇಡಿ.

ತಾರೀಖು ಅಂದರೆ ಬಿಲ್ ಮೇಲಿನ ತಾರೀಖು. ಸರಕು ಬಂದ ದಿನವೂ ಅಲ್ಲ, ಎಂಟ್ರಿ ಮಾಡಿದ ದಿನವೂ ಅಲ್ಲ. ದಿನ ತಿಂಗಳು ಅದಲುಬದಲಾಗಿದೆಯಾ ಎಂಬ ಅನುಮಾನ ಬಂದರೆ ಕಾಲಮ್ಮನ್ನು ಸುಮ್ನೆ ಒಮ್ಮೆ ನೋಡಿ. ಕೆಲವು ತಾರೀಖುಗಳು ಬಲಕ್ಕೆ, ಕೆಲವು ಎಡಕ್ಕೆ ಅಂಟಿಕೊಂಡಿದ್ದು, ಎಡಗಡೆಯವೆಲ್ಲ 13ರಿಂದ ಮೇಲಿನ ದಿನಗಳಾಗಿದ್ದರೆ ಅದಲುಬದಲಾಗಿದೆ ಎಂದೇ ಅರ್ಥ. 13ನೇ ತಿಂಗಳು ಇಲ್ಲವಲ್ಲ, ಅವನ್ನು ಎಕ್ಸೆಲ್ ಟೆಕ್ಸ್ಟ್ ಆಗಿಯೇ ಬಿಟ್ಟಿದೆ, 12ರ ಒಳಗಿನವನ್ನು ಸದ್ದಿಲ್ಲದೆ ತಿರುಗಿಸಿದೆ.

ತೆರಿಗೆ ಮೊತ್ತದ ಬಗ್ಗೆ ಒಂದೇ ಮಾತು. ರೌಂಡ್ ಆಫ್‌ಗೆಂದು ಬಿಡುವ ವ್ಯತ್ಯಾಸವನ್ನು ಪ್ರತಿ ಬಿಲ್‌ಗೂ ಬಿಡಿ, ಒಟ್ಟು ಮೊತ್ತಕ್ಕಲ್ಲ.

ಇಷ್ಟಾದ ಮೇಲೂ ಕೆಲವು ಬಿಲ್ ಉಳಿಯುತ್ತವೆ, ಉಳಿಯಲೇಬೇಕು. ತಿಂಗಳ ಕೊನೆಯಲ್ಲಿ ಬಿಲ್ ಆಗಿ ಸರಕು ಮುಂದಿನ ತಿಂಗಳು ಬಂದಿದ್ದರೆ ಅದು ತಪ್ಪಲ್ಲ, ಈ ರಿಟರ್ನ್‌ನಲ್ಲಿ ಇನ್ನೂ ಹೋಗಿಲ್ಲ ಅಷ್ಟೇ. ಅಂಥವನ್ನು ಬೇರೆ ಪಟ್ಟಿ ಮಾಡಿ ಮುಂದಿನ ತಿಂಗಳಿನ ಶೀಟ್‌ನ ಮೊದಲ ಸಾಲುಗಳಾಗಿ ಇಡಿ. ಎರಡು ತಿಂಗಳಾದರೂ ಅಲ್ಲೇ ಇದ್ದರೆ ಮಾರಿದವರಿಗೆ ಫೋನ್ ಮಾಡಿ.