ಒಂದು ಪ್ಯಾಕೆಟ್ ಬೀಳಿಸಿದರೆ ಸಾಲು ಕರಗುತ್ತದೆ

ಮನೆಯಲ್ಲಿ ಒಬ್ಬರು ಫೋಟೋಗಳನ್ನು ಕ್ಲೌಡ್‌ಗೆ ಏರಿಸತೊಡಗಿದರೆ ಇನ್ನೊಬ್ಬರ ವಿಡಿಯೊ ಕರೆ ತಡವರಿಸುತ್ತದೆ. ಕೂಡಲೇ ಸಿಗುವ ಸಲಹೆ: ಹೆಚ್ಚು ವೇಗದ ಸಂಪರ್ಕ ಹಾಕಿಸಿ. ಲೆಕ್ಕ ಹಾಕಿ ನೋಡದೆ ಕೊಡುವ ಈ ಸಲಹೆಯನ್ನು ಕೇಳಿದಾಗಲೆಲ್ಲ ನನಗೆ ತಾಳ್ಮೆ ತಪ್ಪುತ್ತದೆ.

ಅಪ್‌ಲೋಡ್ ವೇಗ ಸೆಕೆಂಡಿಗೆ 5 ಮೆಗಾಬಿಟ್ ಇದೆ ಎನ್ನೋಣ. ದತ್ತಾಂಶದ ತುಣುಕುಗಳು, ಅಂದರೆ ಪ್ಯಾಕೆಟ್‌ಗಳು, ಹೊರಹೋಗುವ ಮೊದಲು ಸಾಲಾಗಿ ಕಾಯುವ ಜಾಗವಾದ ಮೋಡೆಮ್‌ನ ಬಫರ್ 10 ಲಕ್ಷ ಬೈಟ್‌ಗಳದ್ದು, ಅಂದರೆ 80 ಲಕ್ಷ ಬಿಟ್‌ಗಳದ್ದು. ಅದು ತುಂಬಿದ್ದಾಗ ಕೊನೆಯಲ್ಲಿ ಬಂದು ನಿಂತ ಪ್ಯಾಕೆಟ್ ಹೊರಬೀಳಲು 1.6 ಸೆಕೆಂಡ್ ಬೇಕು. ಕರೆಯ ಧ್ವನಿ ಸಂಪರ್ಕದ ಸಣ್ಣದೊಂದು ಪಾಲನ್ನಷ್ಟೇ ಬೇಡುತ್ತದೆ. ಆದರೂ ಅದರ ಪ್ರತಿಯೊಂದು ಪ್ಯಾಕೆಟ್ ಫೋಟೋಗಳ ಹಿಂದೆ ಅಷ್ಟು ಹೊತ್ತು ಕಾಯಬೇಕು. ಇದೇ ಬಫರ್‌ಬ್ಲೋಟ್.

ಬಫರ್ ತುಂಬುವುದೇಕೆ? ಇದಕ್ಕೆ 1986ಕ್ಕೆ ಹೋಗಬೇಕು. ಆ ವರ್ಷ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಕೂಗಳತೆಯ ದೂರದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ಸಂಪರ್ಕದ ವೇಗ ಸೆಕೆಂಡಿಗೆ 32,000 ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ದಾರಿ ಎಷ್ಟು ತುಂಬಿದೆ ಎಂಬ ಅರಿವಿಲ್ಲದೆ ಕಂಪ್ಯೂಟರ್‌ಗಳು ಕಳುಹಿಸುತ್ತಲೇ ಇದ್ದವು. ವ್ಯಾನ್ ಜೇಕಬ್‌ಸನ್ 1988ರಲ್ಲಿ ಪ್ರಕಟಿಸಿದ ಪರಿಹಾರ ಇಂಟರ್ನೆಟ್‌ನಲ್ಲಿ ದತ್ತಾಂಶ ಸಾಗಿಸುವ ನಿಯಮಾವಳಿಯಾದ ಟಿಸಿಪಿಗೆ ಇಂದಿಗೂ ಬುನಾದಿ: ವೇಗವನ್ನು ಏರಿಸುತ್ತಾ ಹೋಗು, ಪ್ಯಾಕೆಟ್ ಕಳೆದುಹೋದರೆ ತಗ್ಗಿಸು. ದಾರಿ ತುಂಬಿದೆ ಎಂಬ ಸುದ್ದಿ ಕಳುಹಿಸುವವನಿಗೆ ಮುಟ್ಟುವುದು ಆ ನಷ್ಟದಿಂದಲೇ.

ಮುಂದೆ ಮೆಮೊರಿ ಅಗ್ಗವಾಯಿತು. ಪ್ಯಾಕೆಟ್ ಕಳೆಯುವುದೇ ದೊಡ್ಡ ತಪ್ಪೆಂದು ಭಾವಿಸಿದ ತಯಾರಕರು ಬಫರ್‌ಗಳನ್ನು ಹಿಗ್ಗಿಸಿದರು. ಸುದ್ದಿ ತಡವಾಯಿತು, ಸಾಲು ಬೆಳೆಯಿತು. 2010ರಲ್ಲಿ ಜಿಮ್ ಗೆಟಿಸ್ ತಮ್ಮ ಮನೆಯಿಂದ ಕಡತ ಕಳುಹಿಸುವಾಗ ವಿಳಂಬ ಒಂದು ಸೆಕೆಂಡನ್ನೂ ಮೀರಿದ್ದನ್ನು ಕಂಡು, ಕಾರಣವನ್ನು ಬೆನ್ನತ್ತಿ, ಈ ರೋಗಕ್ಕೆ ಹೆಸರಿಟ್ಟರು.

ಹಾಗಾದರೆ ಬಫರನ್ನೇ ಚಿಕ್ಕದು ಮಾಡಿದರೆ ಸಾಲದೇ? ಸಾಲದು. ಪ್ಯಾಕೆಟ್‌ಗಳು ಗುಂಪುಗುಂಪಾಗಿ ಬರುವುದರಿಂದ ಕ್ಷಣಕಾಲ ನಿಲ್ಲಲು ಅವಕ್ಕೆ ಜಾಗ ಬೇಕು. ಕೇಡು ಇರುವುದು ಕರಗದ ಸಾಲಿನಲ್ಲಿ. ತುಂಬಿದ ಆಲಿಕೆಗೆ ಕೆಳಗೆ ಹರಿಯುವಷ್ಟನ್ನೇ ಮೇಲಿಂದ ಸುರಿಯುತ್ತಿದ್ದರೂ ಅದು ತುಂಬಿಯೇ ಇರುತ್ತದೆ. ಆ ತುಂಬುವಿಕೆಯಿಂದ ವೇಗ ಒಂದಿಷ್ಟೂ ಹೆಚ್ಚುವುದಿಲ್ಲ, ಕಾಯುವಿಕೆ ಮಾತ್ರ ಉಳಿಯುತ್ತದೆ.

ಈ ಎರಡು ಬಗೆಯ ಸಾಲುಗಳನ್ನು ಬೇರ್ಪಡಿಸುವ ಉಪಾಯವನ್ನು ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಅದೇ ಜೇಕಬ್‌ಸನ್ 2012ರಲ್ಲಿ ಕೊಟ್ಟರು. ಅದರ ಹೆಸರು ಕೋಡೆಲ್. ಅದರ ಸರಳತೆ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಅದು ಸಾಲಿನ ಉದ್ದವನ್ನು ನೋಡುವುದೇ ಇಲ್ಲ. ಪ್ರತಿ ಪ್ಯಾಕೆಟ್ ಒಳಬಂದಾಗ ಸಮಯದ ಗುರುತು ಹಾಕಿ, ಹೊರಹೋಗುವಾಗ ಎಷ್ಟು ಕಾಯಿತೆಂದು ನೋಡುತ್ತದೆ. 100 ಮಿಲಿಸೆಕೆಂಡ್‌ಗಳ ಅವಧಿಯಲ್ಲಿ ಒಮ್ಮೆಯಾದರೂ ಕಾಯುವಿಕೆ 5 ಮಿಲಿಸೆಕೆಂಡ್‌ಗಿಂತ ಕೆಳಗಿಳಿದರೆ ಸಾಲು ತಾನೇ ಕರಗುತ್ತಿದೆ ಎಂದರ್ಥ, ಮುಟ್ಟುವುದಿಲ್ಲ. ಇಳಿಯದಿದ್ದರೆ ಒಂದು ಪ್ಯಾಕೆಟ್ ಬೀಳಿಸುತ್ತದೆ. ಆಮೇಲೂ ಪಟ್ಟು ಸಡಿಲದಿದ್ದರೆ ಮತ್ತೊಂದು, ಮತ್ತೊಂದು. ನಡುವಿನ ಅಂತರ 100, 71, 58 ಮಿಲಿಸೆಕೆಂಡ್ ಹೀಗೆ ಕುಗ್ಗುತ್ತದೆ. ಕಳುಹಿಸುವವನಿಗೆ ಸುದ್ದಿ ಮುಟ್ಟುತ್ತದೆ, ವೇಗ ತಗ್ಗುತ್ತದೆ, ಸಾಲು ಕರಗುತ್ತದೆ.

ಇಂದಿನ ಕೇಕ್ ಎಂಬ ವ್ಯವಸ್ಥೆ ಇದರ ಜೊತೆಗೆ ಪ್ರತಿ ಸಂಭಾಷಣೆಗೂ ಬೇರೆ ಸಾಲನ್ನೇ ಕೊಡುತ್ತದೆ. ಕರೆಯ ಪುಟ್ಟ ಪ್ಯಾಕೆಟ್ ಈಗ ಹೆಚ್ಚೆಂದರೆ ಫೋಟೋದ ಒಂದೆರಡು ಪ್ಯಾಕೆಟ್‌ಗಳಿಗೆ ಕಾಯುತ್ತದೆ. 1500 ಬೈಟ್‌ಗಳ ಒಂದು ಪ್ಯಾಕೆಟ್ ನಮ್ಮ ಸಂಪರ್ಕದಲ್ಲಿ ದಾಟಲು 2.4 ಮಿಲಿಸೆಕೆಂಡ್ ಸಾಕು.

ಆದರೆ ಸಾಲು ಮೋಡೆಮ್‌ನಲ್ಲೇ ನಿಂತರೆ ರೌಟರ್‌ನಲ್ಲಿರುವ ಕೇಕ್‌ಗೆ ಅದು ಕಾಣುವುದೇ ಇಲ್ಲ. ಆದ್ದರಿಂದ ರೌಟರ್ ಬೇಕೆಂದೇ ಮೋಡೆಮ್‌ಗಿಂತ ತುಸು ನಿಧಾನವಾಗಿ ಕಳುಹಿಸಬೇಕು. 5 ಮೆಗಾಬಿಟ್ ಅಳತೆಗೆ ಬಂದಿದ್ದರೆ 4.5ರಿಂದ ಆರಂಭಿಸಿ. ಹೊರಮುಖದ ಹೆಸರು eth1 ಆಗಿರುವ ಲಿನಕ್ಸ್ ರೌಟರ್‌ನಲ್ಲಿ ಆದೇಶ ಹೀಗಿರುತ್ತದೆ:

```
tc qdisc replace dev eth1 root cake bandwidth 4500kbit
```

ಹತ್ತರಲ್ಲೊಂದು ಪಾಲು ವೇಗವನ್ನು ಬಿಟ್ಟುಕೊಡಲು ಜನ ಹಿಂಜರಿಯುತ್ತಾರೆ. ಕೊಟ್ಟು ನೋಡಬೇಕು. ಮೊದಲು ಸಂಪರ್ಕ ಬಿಡುವಾಗಿರುವಾಗ, ಆಮೇಲೆ ದೊಡ್ಡ ಕಡತ ಏರುತ್ತಿರುವಾಗ ಪ್ಯಾಕೆಟ್ ಹೋಗಿಬರುವ ಸಮಯವನ್ನು ಅಳೆಯುವ `ping` ಅಂಕಿಗಳನ್ನು ಹೋಲಿಸಿ. 20 ಮಿಲಿಸೆಕೆಂಡ್ ಇದ್ದದ್ದು ನೂರಾರಕ್ಕೆ ಜಿಗಿಯುತ್ತಿದ್ದರೆ ಮಿತಿಯನ್ನು ಇನ್ನಷ್ಟು ಇಳಿಸಿ. ಕೆಲವೇ ಮಿಲಿಸೆಕೆಂಡ್ ಏರಿದರೆ ಸ್ವಲ್ಪಸ್ವಲ್ಪವೇ ಹೆಚ್ಚಿಸಿ.

ಡೌನ್‌ಲೋಡ್‌ನಲ್ಲಿ ಹಿಡಿತ ಇಷ್ಟು ಬಿಗಿಯಾಗಿರದು, ಏಕೆಂದರೆ ಅಲ್ಲಿ ಸಾಲು ನಿಲ್ಲುವುದು ಸೇವೆ ಒದಗಿಸುವವರ ತುದಿಯಲ್ಲಿ. ಹೀಗಾಗಿ ಮಿತಿಯನ್ನು ಇನ್ನೂ ಕೆಳಗಿಡಬೇಕಾಗುತ್ತದೆ. ಮೊಬೈಲ್ ಸಂಪರ್ಕದ ವೇಗ ಗಳಿಗೆಗೊಮ್ಮೆ ಬದಲಾಗುವುದರಿಂದ ಸ್ಥಿರವಾದ ಒಂದು ಅಂಕಿ ಅಲ್ಲಿ ನಿಲ್ಲದು. ಇನ್ನು ಮಿತಿ ಎಷ್ಟೇ ಇಳಿಸಿದರೂ ಅಪ್‌ಲೋಡ್ ವೇಗವೇ ಕುಗ್ಗದಿದ್ದರೆ, ರೌಟರ್‌ನ ಹಾರ್ಡ್‌ವೇರ್ ಆಫ್‌ಲೋಡ್ ಚಾಲೂ ಇದೆಯೇ ನೋಡಿ. ಅದು ಪ್ಯಾಕೆಟ್‌ಗಳನ್ನು ಕೇಕ್‌ನ ಕಣ್ಣು ತಪ್ಪಿಸಿ ನೇರವಾಗಿ ಸಾಗಿಸುತ್ತಿರುತ್ತದೆ.