ಡಯೋಡಿನ ಹೊಸ್ತಿಲು ದಾಟದ 70 ಮಿಲಿವೋಲ್ಟ್

ಕಲಬುರಗಿಯ ಕಪನೂರ್ ಕೈಗಾರಿಕಾ ಪ್ರದೇಶದ ಒಂದು ಬೇಳೆ ಮಿಲ್ಲಿಗೆ ಮೀಟರೊಂದನ್ನು ಮಾಡಿಕೊಡಬೇಕಿತ್ತು. ತೊಗರಿ ರೋಲರ್ ತಿರುಗಿಸುವ 10 ಎಚ್‌ಪಿ ಮೋಟಾರು ಎಷ್ಟು ಕರೆಂಟ್ ಎಳೆಯುತ್ತಿದೆ ಎಂಬುದು ಆಫೀಸಿನಲ್ಲಿ ಕೂತವರಿಗೆ ಕಾಣಬೇಕು, ಅಷ್ಟೇ. ಕಾಳು ತುಂಬಿ ಓಡುವಾಗ ಆ ಮೋಟಾರಿಗೆ ಸುಮಾರು 14 ಆಂಪಿಯರ್, ಬರಿದೇ ತಿರುಗುವಾಗ ಸುಮಾರು 5. ಈ ಎರಡರ ನಡುವಿನ ವ್ಯತ್ಯಾಸ ಗೊತ್ತಾದರೆ ಕಾಳು ನಿಂತಿದ್ದೂ ತಿಳಿಯುತ್ತದೆ, ಬೆಲ್ಟ್ ಹರಿದಿದ್ದೂ ತಿಳಿಯುತ್ತದೆ.

ಮೋಟಾರಿನ ಒಂದು ವೈರನ್ನು ಸಿ.ಟಿ., ಅಂದರೆ ಕರೆಂಟ್ ಟ್ರಾನ್ಸ್‌ಫಾರ್ಮರಿನ ಉಂಗುರದೊಳಗೆ ಹಾಯಿಸಿದೆ. ಅದು 1000ಕ್ಕೆ 1ರ ಸಿ.ಟಿ.; 14 ಆಂಪಿಯರಿಗೆ 14 ಮಿಲಿಆಂಪಿಯರ್ ಕೊಡುತ್ತದೆ. ಅದರ ಎರಡು ತುದಿಗೆ 10 ಓಮಿನ ರೆಸಿಸ್ಟರ್ ಹಾಕಿದರೆ 140 ಮಿಲಿವೋಲ್ಟ್ ಎ.ಸಿ. ಸಿಗುತ್ತದೆ, ಅಲೆಯ ತುದಿ ಲೆಕ್ಕಕ್ಕೆ ಹಿಡಿದರೆ ಸುಮಾರು 200. ಮೋಟಾರು ಬರಿದೇ ಓಡುವಾಗ ಆ ತುದಿ 70 ಮಿಲಿವೋಲ್ಟಿಗೆ ಇಳಿಯುತ್ತದೆ. ಮುಳ್ಳಿನ ಮೀಟರಿಗೆ ಡಿ.ಸಿ. ಬೇಕಲ್ಲ, ಅದಕ್ಕೆ ನಡುವೆ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ 4148 ನಂಬರಿನ ಒಂದು ಡಯೋಡ್ ಕೂರಿಸಿದೆ.

ಮಾರನೆಯ ದಿನವೇ ಮಿಲ್ಲಿನ ಹುಡುಗ ಫೋನ್ ಮಾಡಿದ. "ಮೋಟಾರ್ ಓಡ್ಲಕತ್ತದ್ರಿ ಸರ, ಮುಳ್ಳು ಮಾತ್ರ ಅಲ್ಲಾಡವಲ್ದು."

ತಪ್ಪು ನನ್ನದೇ. ಸಿಲಿಕಾನ್ ಡಯೋಡಿಗೆ ಒಂದು ಹೊಸ್ತಿಲು ಇರುತ್ತದೆ. ಮುಂದಿನ ದಿಕ್ಕಿನಲ್ಲೂ ಸುಮಾರು ಅರ್ಧ ವೋಲ್ಟಿನಿಂದ 0.6 ವೋಲ್ಟ್‌ವರೆಗೆ ಒತ್ತಡ ಬಂದ ಮೇಲೆಯೇ ಅದು ಲೆಕ್ಕಕ್ಕೆ ಸಿಗುವಷ್ಟು ಕರೆಂಟ್ ಬಿಡುತ್ತದೆ. 12 ವೋಲ್ಟಿನ ಪವರ್ ಸಪ್ಲೈಯಲ್ಲಿ ಈ ಅರ್ಧ ವೋಲ್ಟನ್ನು ಯಾರೂ ಕೇಳುವುದಿಲ್ಲ. ಆದರೆ ನನ್ನ ಸಿಗ್ನಲ್ಲಿನ ಅತಿ ಎತ್ತರದ ತುದಿಯೇ 0.2 ವೋಲ್ಟ್. ಅದು ಹೊಸ್ತಿಲ ಈಚೆಯೇ ನಿಂತು ಹಿಂದಿರುಗುತ್ತಿತ್ತು.

ಸಿಗ್ನಲ್ಲನ್ನು ಮೊದಲು 10 ಪಟ್ಟು ದೊಡ್ಡದು ಮಾಡಿ ಆಮೇಲೆ ಡಯೋಡಿಗೆ ಕೊಟ್ಟರಾಯಿತು ಎಂದು ಯಾರಿಗಾದರೂ ಅನ್ನಿಸುತ್ತದೆ. ನಾನೂ ಲೆಕ್ಕ ಹಾಕಿ ನೋಡಿದೆ. 70 ಮಿಲಿವೋಲ್ಟ್ 0.7 ವೋಲ್ಟಾಗುತ್ತದೆ, 200 ಮಿಲಿವೋಲ್ಟ್ 2 ವೋಲ್ಟಾಗುತ್ತದೆ. ಡಯೋಡ್ ಎರಡರಿಂದಲೂ ಅರ್ಧ ವೋಲ್ಟ್ ಕಿತ್ತುಕೊಂಡರೆ ಉಳಿಯುವುದು 0.2 ಮತ್ತು 1.5. ಕರೆಂಟು ಮೂರು ಪಟ್ಟೂ ಹೆಚ್ಚಾಗಿಲ್ಲ, ಮೀಟರು ಏಳೂವರೆ ಪಟ್ಟು ಎನ್ನುತ್ತದೆ. ಇದಕ್ಕಿಂತ ಕೆಟ್ಟದ್ದು ನಮ್ಮ ಊರಿನ ಬಿಸಿಲು. ಡಯೋಡಿನ ಹೊಸ್ತಿಲು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 2 ಮಿಲಿವೋಲ್ಟಿನಂತೆ ತಗ್ಗುತ್ತದೆ. ಜನವರಿಯ ಬೆಳಗಿನ 15 ಡಿಗ್ರಿಯಿಂದ ಮೇ ತಿಂಗಳ ಮಧ್ಯಾಹ್ನದ 43ಕ್ಕೆ ಬಂದರೆ 56 ಮಿಲಿವೋಲ್ಟ್ ವ್ಯತ್ಯಾಸ. ಉಳಿದಿದ್ದ 0.2 ವೋಲ್ಟ್ ಆಗ 0.256 ಆಗುತ್ತದೆ. ಬರಿದೇ ತಿರುಗುವ ಅದೇ ಮೋಟಾರು ಬೇಸಿಗೆಯಲ್ಲಿ ಕಾಲುಭಾಗ ಹೆಚ್ಚು ಕರೆಂಟ್ ಎಳೆದಂತೆ ತೋರಿಸುವ ಮೀಟರನ್ನು ಯಾರಿಗೆ ಕೊಡುವುದು?

ಹಾಗಾಗಿ ಹೊಸ್ತಿಲನ್ನೇ ಇಲ್ಲವಾಗಿಸಬೇಕು. ಅದಕ್ಕೆ ಬೇಕಾದದ್ದು ಒಂದು ಆಪ್-ಆಂಪ್. ಅದಕ್ಕೆ ಎರಡು ಇನ್‌ಪುಟ್, ಒಂದು ಔಟ್‌ಪುಟ್. ಎರಡು ಇನ್‌ಪುಟ್‌ಗಳ ನಡುವೆ ಎಷ್ಟು ವ್ಯತ್ಯಾಸವಿದೆಯೋ ಅದನ್ನು ಲಕ್ಷ ಪಟ್ಟಿನ ಆಸುಪಾಸು ದೊಡ್ಡದು ಮಾಡಿ ಔಟ್‌ಪುಟ್ಟಿಗೆ ತಳ್ಳುವುದು ಅದರ ಕೆಲಸ. ನಾನು ಬಳಸಿದ್ದು ಹಳೆಯ 741. ಪವರ್‌ಗೆ ಎರಡು 9 ವೋಲ್ಟಿನ ಬ್ಯಾಟರಿ, ಅವೆರಡೂ ಸೇರುವ ನಡುಬಿಂದುವೇ ಸರ್ಕ್ಯೂಟಿನ ನೆಲ. ಸಿಗ್ನಲ್ ಒಂದು ಇನ್‌ಪುಟ್ಟಾದ 3ನೇ ಪಿನ್ನಿಗೆ. ಔಟ್‌ಪುಟ್ಟಾದ 6ನೇ ಪಿನ್ನಿನಿಂದ ಡಯೋಡ್, ಡಯೋಡಿನ ಆಚೆ ತುದಿಯಿಂದ ನೆಲಕ್ಕೆ 10 ಕಿಲೋಓಮಿನ ರೆಸಿಸ್ಟರ್. ಇನ್ನೊಂದು ಇನ್‌ಪುಟ್ಟಾದ 2ನೇ ಪಿನ್ನಿಗೆ ವಾಪಸು ಬರುವ ವೈರನ್ನು 6ನೇ ಪಿನ್ನಿನಿಂದ ತರದೆ, ಡಯೋಡ್ ದಾಟಿದ ಜಾಗದಿಂದ ತರಬೇಕು. ಗುಟ್ಟೆಲ್ಲ ಈ ಒಂದು ವೈರಿನಲ್ಲಿದೆ.

ಯಾಕೆಂದರೆ ಆಪ್-ಆಂಪ್ ನೋಡುತ್ತಿರುವುದು ಡಯೋಡಿನ ಆಚೆಯ ವೋಲ್ಟೇಜನ್ನು. ಒಳಗೆ 70 ಮಿಲಿವೋಲ್ಟ್ ಬಂತು, ಆಚೆ ಇನ್ನೂ ಸೊನ್ನೆ ಇದೆ ಎಂದರೆ, ಅದು ಆಚೆಯೂ 70 ಆಗುವ ತನಕ ತನ್ನ ಔಟ್‌ಪುಟ್ಟನ್ನು ಏರಿಸುತ್ತಲೇ ಹೋಗುತ್ತದೆ. ಡಯೋಡ್ ಎಷ್ಟು ತಿನ್ನುತ್ತದೋ ಅಷ್ಟನ್ನು ತಾನೇ ಮೇಲೆ ಹಾಕಿ ಕೊಡುತ್ತದೆ. ಆಸಿಲೋಸ್ಕೋಪಿನ ಪ್ರೋಬನ್ನು 6ನೇ ಪಿನ್ನಿಗೆ ಇಟ್ಟರೆ ಇದು ಕಣ್ಣಿಗೆ ಕಾಣುತ್ತದೆ: ಸಿಗ್ನಲ್ ಸೊನ್ನೆ ದಾಟಿದ ಕ್ಷಣಕ್ಕೆ ಆ ಪಿನ್ನು ಒಮ್ಮೆಲೇ ಅರ್ಧ ವೋಲ್ಟಿನಷ್ಟು ಮೇಲಕ್ಕೆ ಜಿಗಿದು, ಅಲ್ಲಿಂದ ಸಿಗ್ನಲ್ಲಿನ ಆಕಾರದಲ್ಲಿ ಏರಿಳಿಯುತ್ತದೆ. ಪ್ರೋಬನ್ನು ಡಯೋಡಿನ ಆಚೆಗೆ ಸರಿಸಿದರೆ ಜಿಗಿತ ಮಾಯ, ಶುದ್ಧ ಅರ್ಧ ಅಲೆ ಮಾತ್ರ. 0.6 ವೋಲ್ಟಿನ ಹೊಸ್ತಿಲನ್ನು ಲಕ್ಷದಿಂದ ಭಾಗಿಸಿದರೆ 6 ಮೈಕ್ರೋವೋಲ್ಟ್. ಸಿಗ್ನಲ್ಲಿಗೆ ಈಗ ಎದುರಾಗುವ ಹೊಸ್ತಿಲು ಅಷ್ಟೇ. ಮೇ ತಿಂಗಳ 56 ಮಿಲಿವೋಲ್ಟೂ ಹೀಗೆಯೇ ಕರಗಿ ಹೋಗುತ್ತದೆ.

ಮಲ್ಟಿಮೀಟರಿನ ಡಿ.ಸಿ. ರೇಂಜಿನಲ್ಲಿ ಅಳೆದೆ. ಅರ್ಧ ಅಲೆಯ ಸರಾಸರಿ ಎಂದರೆ ತುದಿಯನ್ನು 3.14ರಿಂದ ಭಾಗಿಸಿದಷ್ಟು, 200ಕ್ಕೆ ಸುಮಾರು 64, 70ಕ್ಕೆ ಸುಮಾರು 22 ಮಿಲಿವೋಲ್ಟ್ ಬರಬೇಕು. ಬಂತು.

ಅದೇ ಬೋರ್ಡನ್ನು ಬೇರಿಂಗ್ ಸಪ್ಪಳಕ್ಕೂ ಹಚ್ಚಬಹುದೆಂದು ನನಗೆ ಆಸೆಯಾಯಿತು. ಸವೆದ ಬೇರಿಂಗ್ ಕೆಲವು ಸಾವಿರ ಹರ್ಟ್ಝ್‌ನಲ್ಲಿ ಕಿರುಗುಡುತ್ತದೆ. ಬೇರಿಂಗಿನ ಮನೆಯ ಮೇಲೆ, ಅದುರುವಿಕೆಯನ್ನು ವೋಲ್ಟೇಜಾಗಿಸುವ ಪೀಜೋ ಬಿಲ್ಲೆ ಅಂಟಿಸಿ ಆ ಸಿಗ್ನಲ್ ಕೊಟ್ಟೆ. ಇಲ್ಲಿ ಸರ್ಕ್ಯೂಟ್ ಎಡವಿತು. ಪ್ರತಿ ಅರ್ಧ ಅಲೆಯ ಆರಂಭದ ತುಂಡು ಕತ್ತರಿಸಿಟ್ಟಂತೆ ಕಾಣೆಯಾಗಿತ್ತು, ಫ್ರೀಕ್ವೆನ್ಸಿ ಏರಿದಷ್ಟೂ ಕಾಣೆಯಾಗುವ ಪಾಲು ದೊಡ್ಡದಾಗುತ್ತಿತ್ತು.

ಕಾರಣ ಇರುವುದು ನೆಗೆಟಿವ್ ಅರ್ಧದಲ್ಲಿ. ಆಗ ಡಯೋಡ್ ಮುಚ್ಚಿರುತ್ತದೆ, 2ನೇ ಪಿನ್ನಿಗೆ ಸುದ್ದಿ ತಲುಪುವುದಿಲ್ಲ. ಆಪ್-ಆಂಪ್ ಕೆಳಕ್ಕೆ ಹೋಗಿ ಹೋಗಿ ಬ್ಯಾಟರಿ ಬಿಟ್ಟಷ್ಟು ಆಳಕ್ಕೆ, ಸುಮಾರು ಮೈನಸ್ 7.5 ವೋಲ್ಟಿಗೆ ಬಡಿದು ಕೂರುತ್ತದೆ. ಮತ್ತೆ ಪಾಸಿಟಿವ್ ಬಂದಾಗ ಅಲ್ಲಿಂದ 8 ವೋಲ್ಟ್ ಹತ್ತಬೇಕು. 741 ಹತ್ತುವ ವೇಗ ಮೈಕ್ರೋಸೆಕೆಂಡಿಗೆ ಅರ್ಧ ವೋಲ್ಟ್, ಅಂದರೆ 16 ಮೈಕ್ರೋಸೆಕೆಂಡ್ ಬೇಕು. 50 ಹರ್ಟ್ಝ್‌ನ ಅರ್ಧ ಅಲೆ 10,000 ಮೈಕ್ರೋಸೆಕೆಂಡ್ ಉದ್ದ, ಅದರಲ್ಲಿ 16 ಹೋದರೆ ಗೊತ್ತೇ ಆಗುವುದಿಲ್ಲ. 10 ಕಿಲೋಹರ್ಟ್ಝ್‌ನಲ್ಲಿ ಅರ್ಧ ಅಲೆಯೇ 50 ಮೈಕ್ರೋಸೆಕೆಂಡ್. ಮೂರನೆಯ ಒಂದು ಪಾಲು ಹತ್ತುವುದರಲ್ಲೇ ಮುಗಿಯಿತು.

ಪರಿಹಾರ ಇನ್ನೊಂದು ಡಯೋಡ್. ಸಿಗ್ನಲ್ಲನ್ನು 10 ಕಿಲೋಓಮಿನ ಮೂಲಕ 2ನೇ ಪಿನ್ನಿಗೆ ಕೊಟ್ಟು, 3ನೇ ಪಿನ್ನನ್ನು ನೆಲಕ್ಕೆ ಸೇರಿಸಬೇಕು. ಮೊದಲ ಡಯೋಡ್ ದಾಟಿದ ಜಾಗದಿಂದ ಇನ್ನೊಂದು 10 ಕಿಲೋಓಮು 2ನೇ ಪಿನ್ನಿಗೆ ವಾಪಸು ಬರುತ್ತದೆ. ಎರಡನೆಯ ಡಯೋಡನ್ನು 6 ಮತ್ತು 2ನೇ ಪಿನ್ನುಗಳ ನಡುವೆ ನೇರವಾಗಿ, ಮೊದಲನೆಯದು ಮುಚ್ಚಿದಾಗ ಇದು ತೆರೆಯುವಂತೆ ಕೂರಿಸಬೇಕು. ಬೇಡದ ಅರ್ಧದಲ್ಲೂ ಈಗ ಆಪ್-ಆಂಪಿಗೆ ಸುದ್ದಿ ತಲುಪುತ್ತಿರುತ್ತದೆ, ಅದು ಸೊನ್ನೆಯಿಂದ ಅರ್ಧ ವೋಲ್ಟಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಆ ಕಡೆಯಿಂದ ಈ ಕಡೆಗೆ ದಾಟಲು 1 ವೋಲ್ಟ್ ಸಾಕು, 2 ಮೈಕ್ರೋಸೆಕೆಂಡಿನ ಕೆಲಸ. ಔಟ್‌ಪುಟ್ ತಲೆಕೆಳಗಾಗಿ ಬರುತ್ತದೆ, ಅದು ನೆನಪಿರಲಿ. ಇದಕ್ಕಿಂತಲೂ ವೇಗ ಬೇಕೆಂದರೆ 741 ಬಿಟ್ಟು, ಮೈಕ್ರೋಸೆಕೆಂಡಿಗೆ 13 ವೋಲ್ಟ್ ಹತ್ತುವ ಟಿಎಲ್071 ತರಬೇಕು.

ಮೋಟಾರಿನ ಮೀಟರಿಗೆ ಮೊದಲ ಸರ್ಕ್ಯೂಟನ್ನೇ ಉಳಿಸಿ, ಮುಳ್ಳು ತಿರುಗಿಸಲು ಅದರ ಔಟ್‌ಪುಟ್ಟಿಗೆ ಒಂದು ಆಂಪ್ಲಿಫಯರ್ ಸೇರಿಸಿದೆ. ಅಲ್ಲಿ ಕೊನೆಯದಾಗಿ ನೋಡಬೇಕಿದ್ದದ್ದು ಆಫ್‌ಸೆಟ್. ಎರಡೂ ಇನ್‌ಪುಟ್ ಸಮವಿದ್ದರೂ 741ಕ್ಕೆ 1–2 ಮಿಲಿವೋಲ್ಟ್ ವ್ಯತ್ಯಾಸ ಇದ್ದಂತೆ ಅನ್ನಿಸುತ್ತಿರುತ್ತದೆ, 22 ಮಿಲಿವೋಲ್ಟ್ ಓದುವಾಗ ಅದು ಸಣ್ಣದಲ್ಲ. ಇನ್‌ಪುಟ್ಟನ್ನು ನೆಲಕ್ಕೆ ಸೇರಿಸಿ ಔಟ್‌ಪುಟ್ ಸೊನ್ನೆ ಇದೆಯೇ ನೋಡಿದರಾಯಿತು ಎಂದುಕೊಂಡರೆ ಮೋಸ ಹೋಗುತ್ತೇವೆ. ಆಫ್‌ಸೆಟ್ ನೆಗೆಟಿವ್ ಇದ್ದರೆ ಡಯೋಡ್ ಮುಚ್ಚಿಕೊಂಡು, ತಪ್ಪಿದ್ದರೂ ಸೊನ್ನೆಯೇ ಕಾಣುತ್ತದೆ. ಅದಕ್ಕೆ 1 ಮತ್ತು 5ನೇ ಪಿನ್ನುಗಳ ನಡುವೆ 10 ಕಿಲೋಓಮಿನ ಪ್ರೀಸೆಟ್ ಹಾಕಿ, ನಡುವಿನ ಕಾಲನ್ನು 4ನೇ ಪಿನ್ನಿಗೆ ಸೇರಿಸಿ, ಮಲ್ಟಿಮೀಟರಿನಲ್ಲಿ ಅರ್ಧ ಮಿಲಿವೋಲ್ಟ್ ಕಾಣುವ ತನಕ ತಿರುಗಿಸಬೇಕು. ಆಮೇಲೆ ಅದು ಮಾಯವಾಗುವ ಅಂಚಿನವರೆಗೆ ಕೂದಲೆಳೆಯಷ್ಟು ಹಿಂದಕ್ಕೆ ತಂದು, ಪ್ರೀಸೆಟ್ಟಿನ ಮೇಲೆ ಒಂದು ತೊಟ್ಟು ಅರಗು ಬಿಡಬೇಕು.